ಒಂದು ಕಡೆ ಕೂರದ ಮಗುವಿಗೆ ಯಾವ ಬೋರ್ಡ್ ಬುಕ್, ಓದಿ ಹೇಳೋದು ಹೇಗೆ?

ಪ್ರಶ್ನೆ: “ಮಗನಿಗೆ 19 ತಿಂಗಳು. ಪುಸ್ತಕ ಕೊಟ್ಟರೆ ಕಚ್ತಾನೆ, ಹರೀತಾನೆ. ಓದಿ ಹೇಳೋಕೆ ಕೂತರೆ ಎರಡನೇ ಪುಟಕ್ಕೇ ಎದ್ದು ಓಡ್ತಾನೆ. ಗಟ್ಟಿ ಬೋರ್ಡ್ ಬುಕ್ ಏನು ನೋಡಿ ತಗೊಳ್ಳಲಿ, ಕೂರಿಸೋದು ಹೇಗೆ? ನಾವು ಕಲಬುರಗಿಯಲ್ಲಿದ್ದೇವೆ.”

ನಾನೂ ಕಲಬುರಗಿಯವನೇ. ಸೂಪರ್ ಮಾರ್ಕೆಟ್ ಹತ್ತಿರ ನಮ್ಮದೊಂದು ಸಣ್ಣ ಬೈಂಡಿಂಗ್ ಅಂಗಡಿ ಇದೆ. ಖಾತೆ ಪುಸ್ತಕ, ಬಿಲ್ ಬುಕ್, ಕಾಲೇಜಿನ ಮಕ್ಕಳ ಪ್ರಾಜೆಕ್ಟ್ ಬೈಂಡಿಂಗ್, ಇಂಥದ್ದೇ ಕೆಲಸ. ಹಾಗಾಗಿ ಯಾವ ಪುಸ್ತಕ ಕೈಗೆ ಬಂದರೂ ನಾನು ಮೊದಲು ಅದರ ಬೆನ್ನು ನೋಡೋದು. ಆದರೂ ನನ್ನ ಮಗಳಿಗೆ ತಗೊಂಡ ಮೊದಲ ಸೆಟ್‌ನಲ್ಲಿ ಮೋಸ ಹೋದೆ. ಫೋಟೋ ನೋಡಿ ಆನ್‌ಲೈನ್‌ನಲ್ಲಿ ತರಿಸಿದ್ದೆ, ಅಂಗೈಯಗಲದ ಹತ್ತು ಪುಸ್ತಕ, ಚೆಂದದ ಡಬ್ಬಿ. ನಾಲ್ಕನೇ ದಿನ ಅವಳ ಬಾಯಲ್ಲಿ ಲ್ಯಾಮಿನೇಷನ್ ತುಣುಕು ಸಿಕ್ಕಿತು. ಬೆರಳು ಹಾಕಿ ತೆಗೆದೆ. ಆ ಸೆಟ್ ಅವತ್ತೇ ಅಟ್ಟ ಸೇರಿತು.

ಬೋರ್ಡ್ ಬುಕ್ ಎಲ್ಲಿ ಕೆಡುತ್ತೆ ಅಂತ ತಿಳಿದರೆ ಅಂಗಡಿಯಲ್ಲಿ ಆರಿಸೋದು ಸುಲಭ. ಇದಕ್ಕೆ ದಾರದ ಹೊಲಿಗೆ ಇರಲ್ಲ. ದಪ್ಪ ಹಾಳೆಯ ಒಂದೇ ಬದಿಗೆ ಚಿತ್ರ ಅಚ್ಚು ಮಾಡಿ, ಮಡಚಿ, ಖಾಲಿ ಬದಿಗಳನ್ನು ಬೆನ್ನಿಗೆ ಬೆನ್ನು ಅಂಟಿಸ್ತಾರೆ. ಅಂದರೆ ನಿಮ್ಮ ಮಗ ತಿರುಗಿಸೋ ಒಂದೊಂದು ರಟ್ಟೂ ಎರಡು ಪದರ. ಇದು ಕೆಡೋದು ಎರಡೇ ಜಾಗದಲ್ಲಿ. ಒಂದು ಮೂಲೆ, ಯಾಕಂದ್ರೆ ಮಗು ಚೀಪೋದು ಅಲ್ಲೇ. ಮೇಲೆ ಕೆಳಗೆ ಲ್ಯಾಮಿನೇಷನ್ ಇದ್ದರೂ ಕತ್ತರಿಸಿದ ಅಂಚು ಬರೀ ಕಾಗದ, ಅಲ್ಲಿಂದ ಜೊಲ್ಲು ಒಳಗಿಳಿದು ಪದರ ಬಿಡುತ್ತೆ. ಇನ್ನೊಂದು ನಡುವಿನ ಮಡಿಕೆ.

ಅದಕ್ಕೆ ಅಂಗಡಿಯಲ್ಲಿ ನಿಂತು ಹೀಗೆ ಮಾಡಿ. ಪುಸ್ತಕ ನಡುವೆ ತೆರೆದು ಮೇಜಿನ ಮೇಲೆ ಪೂರ್ತಿ ಚಪ್ಪಟೆ ಆಗುವಂತೆ ಒತ್ತಿ. ಟಕ್ ಅಂತ ಸದ್ದು ಬಂದರೆ, ಅಥವಾ ಮಡಿಕೆಯಲ್ಲಿ ಬಣ್ಣ ಒಡೆದು ಬಿಳಿ ಗೆರೆ ಕಂಡರೆ ಬಿಟ್ಟುಬಿಡಿ, ಅದು ತಿಂಗಳೂ ಬಾಳಲ್ಲ. ಆಮೇಲೆ ಮೂಲೆಯ ಅಂಚಿಗೆ ಉಗುರು ತಾಗಿಸಿ ಮೆಲ್ಲಗೆ ಎಳೆಯಿರಿ. ಪದರ ಬಾಯಿ ಬಿಟ್ಟರೆ ಅದೂ ಬೇಡ. ಮೂರನೆಯದು ದಪ್ಪ: ಐದು ರಟ್ಟು ಒಟ್ಟಿಗೆ ಹಿಡಿದರೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಬರಬೇಕು, ಒಂದೊಂದು 2 ಮಿಲಿಮೀಟರ್ ಲೆಕ್ಕ. ಅದರ ಅರ್ಧವೂ ಇಲ್ಲ ಅಂದ್ರೆ ಅದು ಬೋರ್ಡ್ ಬುಕ್ ಅಲ್ಲ, ಮದುವೆ ಪತ್ರಿಕೆಯ ಕಾಗದಕ್ಕೆ ಲ್ಯಾಮಿನೇಷನ್ ಮಾಡಿದ್ದು ಅಷ್ಟೇ. ಅಂಗಡಿಯವರು ಮುಖ ಸಿಂಡರಿಸಬಹುದು. ಸಿಂಡರಿಸಲಿ ಬಿಡಿ.

ದಪ್ಪ ಬರೀ ಬಾಳಿಕೆಗಲ್ಲ. ಈ ವಯಸ್ಸಿನ ಮಗುವಿಗೆ ತೆಳು ಹಾಳೆಯನ್ನು ಒಂದೊಂದಾಗಿ ಬೆರಳ ತುದಿಯಲ್ಲಿ ಹಿಡಿದು ತಿರುಗಿಸೋದು ಕಷ್ಟ. ರಟ್ಟು ದಪ್ಪ ಇದ್ದರೆ ತಾನೇ ತಿರುಗಿಸುತ್ತೆ. ತಾನೇ ತಿರುಗಿಸೋಕೆ ಆಗದ ಪುಸ್ತಕ ಎಷ್ಟು ಚೆಂದ ಇದ್ದರೂ ಮೂಲೆ ಸೇರುತ್ತೆ. ‘ಹರಿಯದ ಪುಸ್ತಕ’ ಅಂತ ಪ್ಲಾಸ್ಟಿಕ್ ಹಾಳೆಯವು ಸಿಗ್ತವಲ್ಲ, ಅವು ನಿಜಕ್ಕೂ ಹರಿಯಲ್ಲ, ಆದರೆ ಒಂದಕ್ಕೊಂದು ಅಂಟಿಕೊಂಡು ಮಗುವಿನ ಕೈಗೆ ಬಿಡಿಸೋಕೆ ಬರಲ್ಲ, ಅಂಚೂ ಹರಿತ. ಎತ್ತಿ ನೋಡೋ ಮುಚ್ಚಳ ಅಂಟಿಸಿದ ಪುಸ್ತಕಗಳನ್ನು ಈಗಲೇ ತಗೋಬೇಡಿ. ಮುಚ್ಚಳ ಕಿತ್ತು ಬಾಯಿಗೆ ಹೋಗುತ್ತೆ, ಇಲ್ಲ ಅಂದ್ರೆ ಮಗುವಿನ ಗಮನವೆಲ್ಲ ಮುಚ್ಚಳದ ಮೇಲೇ ಇರುತ್ತೆ, ಚಿತ್ರ ನೋಡಲ್ಲ.

ಒಳಗೆ ಏನಿರಬೇಕು? ಒಂದು ಪುಟಕ್ಕೆ ಒಂದು ಚಿತ್ರ, ಅದೂ ಏನಾದ್ರೂ ಮಾಡ್ತಿರೋ ಚಿತ್ರ. ಎಮ್ಮೆ ಸುಮ್ನೆ ನಿಂತಿದ್ದರೆ ‘ಎಮ್ಮೆ’ ಅನ್ನೋದಕ್ಕೆ ಮಾತು ಮುಗಿಯಿತು. ನೀರಲ್ಲಿ ಮಲಗಿದ್ದರೆ ಹೇಳೋಕೆ ಹತ್ತು ಮಾತಿದೆ. ಒಂದೇ ಪುಟದಲ್ಲಿ ಇಪ್ಪತ್ತು ಹಣ್ಣು ತುಂಬಿದ ಪುಸ್ತಕ ಮನೆಯಲ್ಲಿ ಪರೀಕ್ಷೆಯ ಹಾಲ್ ಮಾಡುತ್ತೆ. ನಮ್ಮ ಆಯಿ ಅಂಥದ್ದೊಂದು ಹಿಡಿದು “ಇದೇನದ ಹೇಳು? ಇದೇನದ? ಹೇಳು ನಮ್ಮವ್ವ” ಅಂತ ಶುರು ಮಾಡಿದರೆ ಮಗಳು ಪುಸ್ತಕ ಮುಚ್ಚಿ ಅದರ ಮೇಲೆ ಕೂತುಬಿಡ್ತಿದ್ದಳು. ತಪ್ಪು ಮಗುವಿನದಲ್ಲ ಅಲ್ವಾ? ಕನ್ನಡದ ಬೋರ್ಡ್ ಬುಕ್ ಸಿಗದಿದ್ದರೆ ಇಂಗ್ಲಿಷಿನದ್ದೇ ತಗೊಳ್ಳಿ, ಅಚ್ಚಾದ ಅಕ್ಷರ ಯಾರಿಗೆ ಬೇಕು, ನೀವು ನಿಮ್ಮ ಮನೆಯ ಮಾತಲ್ಲೇ ಹೇಳಿ.

ಇನ್ನು ಓಡಿಹೋಗೋ ವಿಷಯ. ಕೂರಿಸೋದು ಹೇಗೆ ಅನ್ನೋದನ್ನೇ ಬಿಟ್ಟುಬಿಡಿ. ತೊಡೆ ಮೇಲೆ ಅದುಮಿ ಹಿಡಿದರೆ ಮಗು ಕಲಿಯೋದು ಒಂದೇ, ಪುಸ್ತಕ ಬಂದರೆ ಕೈಕಾಲು ಕಟ್ಟಿಹಾಕ್ತಾರೆ ಅಂತ. ಮೊದಲ ಪುಟದಿಂದ ಕೊನೆಯವರೆಗೆ ಓದಲೇಬೇಕು ಅನ್ನೋದು ನಮ್ಮ ಹಠ, ಅವರದಲ್ಲ. ಪುಸ್ತಕ ಅವನ ಕೈಯಲ್ಲೇ ಇರಲಿ. ಅವನು ಫಟಫಟ ತಿರುಗಿಸಿ ಎಲ್ಲಿ ನಿಲ್ತಾನೋ ಅಲ್ಲಿಂದ ನಿಮ್ಮ ಓದು ಶುರು.

ನಮ್ಮ ಮನೆಯ ಒಂದು ಸಂಜೆ ಹೇಳ್ತೀನಿ. ಮಗಳಿಗೆ ಆಗ 20 ತಿಂಗಳು. ನಾಲ್ಕು ಪುಟ ಹಾರಿಸಿ ನಾಯಿ ಇದ್ದ ಪುಟಕ್ಕೆ ನಿಂತಳು, ಬೆರಳಿಟ್ಟಳು. ನಾನು “ನಾಯಿ” ಅಂದೆ, ಅಷ್ಟೇ, ಮುಂದೆ ಮಾತಾಡಲಿಲ್ಲ. ಮನಸ್ಸಲ್ಲೇ ಐದರವರೆಗೆ ಎಣಿಸಿದೆ. ಇದೇ ಕಷ್ಟದ ಭಾಗ, ನಮಗೆ ಬಾಯಿ ತಡೆಯಲ್ಲ. ನಾಲ್ಕಕ್ಕೆ ಬಂದಾಗ ಅವಳು “ಬೌ” ಅಂದಳು. “ಹೌದು, ನಾಯಿ ಬೌ ಅಂತದ. ನಾಯಿ ಓಡ್ಲಕತ್ತದ” ಅಂದೆ. ಅವಳ ಒಂದು ಮಾತಿಗೆ ನಾನು ಎರಡೇ ಮಾತು ಸೇರಿಸಿದ್ದು. ಅವಳು ಎದ್ದು ಓಡಿದಳು! ನಾನು ಕರೆಯಲಿಲ್ಲ, ಕೂತಲ್ಲೇ ಮುಂದಿನ ಪುಟ ತಿರುಗಿಸಿ “ಎಮ್ಮಿ ಬಂತು, ಕೆರಿಗಿ ಹೋತು, ನೀರಾಗ...” ಅಂತ ದನಿ ತಗ್ಗಿಸಿ ನಿಲ್ಲಿಸಿದೆ. ಅಡುಗೆಮನೆ ಬಾಗಿಲಿಂದ ತಲೆ ಹಾಕಿದಳು. ನಾನು ನೆಲಕ್ಕೆ ಕೈ ಬಡಿದು “ದುಬುಕ್!” ಅಂದೆ. ಓಡಿ ಬಂದು ಪುಸ್ತಕ ಕಸಿದುಕೊಂಡು ಮತ್ತೆ ಅದೇ ಪುಟ ತೆಗೆದಳು. ಒಟ್ಟು ಮೂರು ನಿಮಿಷ ಆಗಿರಬೇಕು. ಅವತ್ತಿಗೆ ಅಷ್ಟು ಸಾಕಾಯಿತು.

ಮರುದಿನ ಅದೇ ಪುಸ್ತಕ, ಅದೇ ಎಮ್ಮೆ, ಅದೇ ಮಾತು. ಮಾತು ಬದಲಿಸಬೇಡಿ, ಮುಂದೆ ಏನು ಬರುತ್ತೆ ಅಂತ ಗೊತ್ತಿರೋದೇ ಅವರಿಗೆ ಖುಷಿ. ಒಂದು ವಾರ ಆದಮೇಲೆ “ನೀರಾಗ...” ಅಂತ ನಿಲ್ಲಿಸಿದರೆ ‘ದುಬುಕ್’ ಅವಳೇ ಹೇಳ್ತಿದ್ದಳು, ನೆಲಕ್ಕೆ ಬಡಿಯೋದೂ ಅವಳೇ. ಕೆಳಗಿನ ಮನೆಯವರು ಒಮ್ಮೆ ಮೇಲೆ ಬಂದು ವಿಚಾರಿಸಿಕೊಂಡು ಹೋದರು.

ಇದು ನನ್ನ ತಲೆಯಿಂದ ಬಂದಿದ್ದಲ್ಲ. ಅಮೆರಿಕದಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು 1988ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಬುಡ. 21ರಿಂದ 35 ತಿಂಗಳ ಮಕ್ಕಳ ಮನೆಗಳಲ್ಲಿ ಒಂದು ತಿಂಗಳು ನೋಡಿದರು. ಎರಡು ಗುಂಪಿನ ಅಪ್ಪ ಅಮ್ಮಂದಿರೂ ಪುಸ್ತಕ ಓದಿದವರೇ. ಒಂದು ಗುಂಪಿಗೆ ಮಾತ್ರ ಓದೋ ಬದಲು ಮಗುವನ್ನು ಮಾತಾಡಿಸಿ, ಅದು ಹೇಳಿದ್ದನ್ನು ಹಿಗ್ಗಿಸಿ ಅಂತ ಕಲಿಸಿದ್ದರು. ಆ ಗುಂಪಿನ ಮಕ್ಕಳು ಮಾತಲ್ಲಿ ಮುಂದೆ ಹೋದರು.

ನಿಮ್ಮ ಮಗ ಇನ್ನೂ ಮಾತಾಡದಿದ್ದರೆ “ಇದೇನು?” ಬದಲು “ನಾಯಿ ಎಲ್ಲದ?” ಕೇಳಿ, ಬೆರಳಿಂದ ಉತ್ತರ ಕೊಡ್ತಾನೆ. ತಪ್ಪಾಗಿ ಬೆಕ್ಕಿನ ಮೇಲೆ ಬೆರಳಿಟ್ಟರೆ “ಅಲ್ಲ” ಅನ್ನಬೇಡಿ, “ಅದು ಬೆಕ್ಕು, ನಾಯಿ ಇಲ್ಲಿ ಅದ ನೋಡು” ಅಂದರೆ ಸಾಕು. ಆದರೆ ಹೆಸರು ಕರೆದರೂ ತಿರುಗಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸೋದೇ ಇಲ್ಲ ಅಂತಿದ್ದರೆ ಅದಕ್ಕೆ ಪುಸ್ತಕ ಮದ್ದಲ್ಲ. ಮಕ್ಕಳ ಡಾಕ್ಟರ್‌ಗೆ ತೋರಿಸಿ, ಕಿವಿ ಪರೀಕ್ಷೆಯೂ ಮಾಡಿಸಿ.

ಹೊತ್ತು ಮುಖ್ಯ. ಹಸಿವಾದಾಗ, ನಿದ್ದೆ ಬಂದಾಗ, ಟಿವಿ ಹಾಕಿಕೊಂಡು ಬೇಡ. ನಮಗೆ ಬರೋಬ್ಬರಿ ಕೂಡಿಬಂದಿದ್ದು ಸಂಜೆ ಸ್ನಾನ ಆದಮೇಲೆ, ಬೇಸಿಗೆಯಲ್ಲಂತೂ ಕರೆಂಟ್ ಹೋದಾಗ ಟಾರ್ಚ್ ಬೆಳಕಲ್ಲಿ. ಮೂರೋ ನಾಲ್ಕೋ ಪುಸ್ತಕ ಮಾತ್ರ ನೆಲದ ಹತ್ತಿರ, ಮುಖಪುಟ ಕಾಣುವಂತೆ ಗೋಡೆಗೆ ಒರಗಿಸಿ ಇಡಿ. ಉಳಿದವು ಬೀರುವಿನಲ್ಲಿರಲಿ. ಅವನು ಎದ್ದು ಹೋಗೋಕೆ ಮೊದಲೇ, ಇನ್ನೂ ನಗ್ತಿರುವಾಗಲೇ ನೀವೇ ಮುಗಿಸಿ.

ಕೊನೆಗೆ ನನ್ನ ಕಸುಬಿನ ಮಾತು. ಎಷ್ಟೇ ನೋಡಿ ತಂದರೂ ಒಂದು ದಿನ ಮೂಲೆ ಬಾಯಿ ಬಿಡುತ್ತೆ. ಸೆಲ್ಲೋ ಟೇಪ್ ಹಚ್ಚಬೇಡಿ, ಅದನ್ನು ಕಿತ್ತು ನುಂಗೋದೇ ಅವನಿಗೆ ಹೊಸ ಆಟ ಆಗುತ್ತೆ. ಮೊದಲು ಪುಸ್ತಕ ಒಣಗಲಿ, ನೆರಳಲ್ಲಿ, ನಮ್ಮೂರಿನ ಬಿಸಿಲಿಗಿಟ್ಟರೆ ರಟ್ಟು ಹಪ್ಪಳದ ಹಾಗೆ ಸೊಟ್ಟ ಆಗುತ್ತೆ. ಆಮೇಲೆ ಕಡ್ಡಿಯಿಂದ ಪದರದ ಒಳಗೆ ತೆಳ್ಳಗೆ ಫೆವಿಕಾಲ್ ಸವರಿ, ಹೊರಗೆ ಬಂದಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ. ಪಕ್ಕದ ಪುಟಕ್ಕೆ ಅಂಟದಂತೆ ನಡುವೆ ಹಾಲಿನ ಪ್ಯಾಕೆಟ್‌ನ ಪ್ಲಾಸ್ಟಿಕ್ ತುಂಡಿಟ್ಟು, ಮೇಲೆ ಕುಟ್ಟಾಣಿ ಕಲ್ಲೋ ತೊಗರಿಬೇಳೆ ಡಬ್ಬಿಯೋ ಏನಾದ್ರೂ ಭಾರ ಹೇರಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕೊಡಬಹುದು. ಬೆನ್ನಿನ ಮಡಿಕೆಯೇ ಒಡೆದಿದ್ದರೆ ಮನೆಯಲ್ಲಿ ಆಗಲ್ಲ, ಯಾವುದಾದ್ರೂ ಬೈಂಡಿಂಗ್ ಅಂಗಡಿಗೆ ಒಯ್ದು ಬಟ್ಟೆಪಟ್ಟಿ ಹಚ್ಚಿಸಿ, ಐದು ನಿಮಿಷದ ಕೆಲಸ.