‘ಇದು ನನ್ನ ಕೊನೆಯ ಮೆಸೇಜ್’: ಕ್ಲಾಸ್ ಗ್ರೂಪಿಗೆ ಬರೆದ ಒಂದು ವಿದಾಯ

(ಹೆಸರು, ಊರು, ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

ಸಹನಾ ಒಂಬತ್ತನೇ ತರಗತಿ ಹುಡುಗಿ. ಅಮ್ಮ ನರ್ಸ್, ಎರಡು ವರ್ಷದಿಂದ ಜರ್ಮನಿಯಲ್ಲಿದ್ದಾರೆ. ಈಗ ಅಪ್ಪ, ಮಗಳು ಇಬ್ಬರಿಗೂ ವೀಸಾ ಬಂದಿದೆ. ಜುಲೈ ಕೊನೆಗೆ ಹೊರಡಬೇಕು. ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಲು ಅವಳು ಒಂದು ಮೆಸೇಜ್ ಬರೆದು, ಹೇಗಿದೆ ನೋಡು ಅಂತ ಚಿಕ್ಕಮ್ಮನ ಮಗಳಿಗೆ ಕಳಿಸಿದ್ದಳು. ಆ ಹುಡುಗಿ ಗಾಬರಿಯಾಗಿ ಸಹನಾಳ ಅಪ್ಪನಿಗೆ ತೋರಿಸಿದಳು. ಮರುದಿನವೇ ಅಪ್ಪ ಮಗಳನ್ನು ಆಪ್ತಸಲಹೆಗೆ ಅಂತ ನನ್ನ ಹತ್ತಿರ ಕರೆದುಕೊಂಡು ಬಂದರು. “ಮೇಡಂ, ಇದನ್ನ ಓದಿ ನಂಗೆ ನಿದ್ದೆ ಬರಲಿಲ್ಲ.”

ಡ್ರಾಫ್ಟಿನ ಒಂದು ಭಾಗ ಹೀಗಿತ್ತು:

“ಇದು ನನ್ನ ಕೊನೆಯ ಮೆಸೇಜ್. ನಿಮ್ಮನ್ನೆಲ್ಲ ಬಿಟ್ಟು ತುಂಬಾ ದೂರ ಹೋಗ್ತಿದೀನಿ. ನೀವಿಲ್ಲದ ಬದುಕು ಬದುಕೇ ಅಲ್ಲ. ನನ್ನಿಂದ ಯಾರಿಗಾದ್ರೂ ನೋವಾಗಿದ್ರೆ ಕಾಲಿಗೆ ಬಿದ್ದು ಕ್ಷಮೆ ಕೇಳ್ತೀನಿ. ನನ್ನ ಮನಸ್ಸು ಎಷ್ಟು ಒಡೆದಿದೆ ಅಂತ ಒಬ್ಬಳಿಗೆ ಮಾತ್ರ ಗೊತ್ತು. ನೀವು ನನ್ನ ಮರೆತುಬಿಡಿ, ನಾನು ಮಾತ್ರ ಉಸಿರಿರೋವರೆಗೂ ಮರೆಯಲ್ಲ.”

ಜರ್ಮನಿ ಅನ್ನುವ ಪದ ಎಲ್ಲೂ ಇಲ್ಲ. ವಿಷಯ ಗೊತ್ತಿಲ್ಲದವರು ಓದಿದರೆ ಏನು ಅಂದುಕೊಳ್ಳಬಹುದು, ಹೇಳಿ? ಹಾಗಾಗಿ ಭಾಷೆ ತಿದ್ದುವ ಮಾತು ಆಮೇಲೆ. ಅಪ್ಪನನ್ನು ಹೊರಗೆ ಕೂರಿಸಿ, ಮೊದಲು ಸಹನಾಗೆ ಒಂದು ವಿಷಯ ಹೇಳಿದೆ: ನೀನು ಹೇಳಿದ್ದು ನನ್ನ ಹತ್ತಿರವೇ ಇರುತ್ತದೆ, ಆದರೆ ನಿನ್ನ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಅಪ್ಪನಿಗೆ ಹೇಳಲೇಬೇಕಾಗುತ್ತದೆ. ಆಮೇಲೆ ನೇರವಾಗಿ ಕೇಳಿದೆ. “ಸಾಯಬೇಕು ಅಂತ ಯಾವಾಗಲಾದ್ರೂ ಅನ್ನಿಸಿದೆಯಾ?” ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಸುತ್ತಿ ಬಳಸಿ ಕೇಳಿದರೇ ಮಕ್ಕಳು ಉತ್ತರ ನುಂಗಿಕೊಳ್ಳುತ್ತಾರೆ.

“ಅಯ್ಯೋ ಇಲ್ಲ ಮಿಸ್” ಅಂತ ನಕ್ಕಳು. ಸಾಲುಗಳೆಲ್ಲ ಸ್ಟೇಟಸ್ ವಿಡಿಯೋಗಳಿಂದ ಎತ್ತಿಕೊಂಡಿದ್ದಂತೆ. ನಗು ಕಂಡ ತಕ್ಷಣ ನಾನು ಬಿಡಲಿಲ್ಲ. ನಿದ್ದೆ, ಊಟ, ತನಗೆ ತಾನೇ ನೋವು ಮಾಡಿಕೊಳ್ಳುವುದು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ಎಲ್ಲ ಕೇಳಿದೆ. ಹಂಚಿದ್ದು ಒಂದೇ: ಸೂಟ್‌ಕೇಸಿನಲ್ಲಿ ಜಾಗವಿಲ್ಲದೆ ಪಕ್ಕದ ಮನೆ ಮಗುವಿಗೆ ಕೊಟ್ಟ ಸೈಕಲ್. ಅಲ್ಲಿ ಹೋದಮೇಲೆ ಅಮ್ಮನ ಜೊತೆ ಏನೇನು ಮಾಡಬೇಕು ಅಂತಲೂ ಪಟ್ಟಿ ಇತ್ತು. ಬೇಜಾರಿದೆ, ಅಪಾಯ ಕಾಣಲಿಲ್ಲ. ಆಮೇಲೇ ಡ್ರಾಫ್ಟ್ ಮುಂದಿಟ್ಟುಕೊಂಡೆವು.

ಇಂಥ ಬರಹವನ್ನು ‘ತುಂಬಾ ಓವರ್ ಆಯ್ತು’ ಅಂದುಬಿಡುವುದು ಸುಲಭ. ಹಾಗಂದರೆ ಮಗು ಮುದುಡಿಕೊಳ್ಳುತ್ತದೆ ಅಷ್ಟೇ. ನಾನು ಪೆನ್ಸಿಲ್ ಕೊಟ್ಟು, ಪ್ರತಿ ಸಾಲಿನ ಮುಂದೆ ಅದು ಯಾರಿಗೆ ಅಂತ ಬರೆಯಲು ಹೇಳಿದೆ. ಮೊದಲೆರಡು ಸಾಲಿಗೆ ‘ಎಲ್ರಿಗೂ’ ಅಂತ ಬರೆದಳು. ‘ಕಾಲಿಗೆ ಬಿದ್ದು’ ಅನ್ನುವಲ್ಲಿ ಕೈ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ‘ಮೇಘನಾ’ ಅಂತ ಬರೆದಳು. ‘ಒಬ್ಬಳಿಗೆ ಮಾತ್ರ ಗೊತ್ತು’ ಅಂದಿದ್ದೂ ಮೇಘನಾ ಬಗ್ಗೆಯೇ. ‘ಮರೆತುಬಿಡಿ’ ಅಂದಿದ್ದೂ ಅವಳಿಗೇ.

ವಿಷಯ ಅಲ್ಲಿತ್ತು. ಮೇಘನಾ ನಂಬಿ ಹೇಳಿದ ಮನೆಯ ಮಾತೊಂದನ್ನು ಸಹನಾ ಇನ್ನೊಬ್ಬಳಿಗೆ ಹೇಳಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಒಬ್ಬಳಿಗೆ ಕೇಳಬೇಕಾದ ಕ್ಷಮೆಯನ್ನು ನಲವತ್ತಕ್ಕೂ ಹೆಚ್ಚು ಜನರ ಗ್ರೂಪಿಗೆ ಬರೆಯಲು ಹೊರಟಿದ್ದಳು. ಹೀಗೆ ಮಾಡಿದರೆ ಎರಡು ಕಡೆಯೂ ಕೆಡುತ್ತದೆ. ಮೇಘನಾಗೆ ಅದು ತನಗೇ ಅಂತ ಖಾತ್ರಿಯಾಗುವುದಿಲ್ಲ. ಖಾತ್ರಿಯಾದರೂ, ಎಲ್ಲರೆದುರು ತನ್ನನ್ನು ಸಿಕ್ಕಿಸಿದಳು ಅಂತ ಸಿಟ್ಟು ಬರಬಹುದು. ಉಳಿದವರು ‘ಆ ಒಬ್ಬಳು ಯಾರು?’ ಅಂತ ಶುರು ಮಾಡುತ್ತಾರೆ.

‘ಮರೆತುಬಿಡಿ’ ಸಾಲಿನ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಿದೆ. “ಇದನ್ನ ಹಾಕಿದಮೇಲೆ ಏನು ಉತ್ತರ ಬರಲಿ ಅಂತ ಕಾಯ್ತೀಯ?” “ಮರೆಯಲ್ಲ ಅನ್ಲಿ ಅಂತ.” ಎಲ್ಲರೂ ಓದಿ ನಾಲ್ಕೇ ಜನ ಸ್ಟಿಕ್ಕರ್ ಹಾಕಿದರೆ? ಗ್ರೂಪಿನ ರೀತಿಯೇ ಅದು. ರಾತ್ರಿ ‘ಮಿಸ್ ಯು’ ಸುರಿಮಳೆ, ಬೆಳಿಗ್ಗೆ ಗಣಿತದ ಹೋಂವರ್ಕ್ ಫೋಟೋ. ಅದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಉತ್ತರವನ್ನು ಬೇಡುವ ಸಾಲು ಇದ್ದಷ್ಟೂ, ಉತ್ತರ ಬಾರದಾಗ ಜಾಸ್ತಿ ನೋವು.

ತಿದ್ದಿ ಬರೆದಿದ್ದು ಅವಳೇ. ನಾನು ಬರೆದುಕೊಟ್ಟರೆ ಗೆಳೆಯರಿಗೆ ತಕ್ಷಣ ಗೊತ್ತಾಗುತ್ತದೆ. ಮೊದಲ ಸಲ ಪೂರ್ತಿ ಇನ್ನೊಂದು ತುದಿಗೆ ಹೋದಳು: ‘ಈ ಮೂಲಕ ತಿಳಿಸುವುದೇನೆಂದರೆ’ ಅಂತ ಶುರುವಾಗಿ ನೋಟಿಸ್ ಬೋರ್ಡಿನ ಹಾಗಿತ್ತು. ಆಗ ನಾನು ಹೇಳಿದ್ದು, ಬೇಜಾರನ್ನು ಒಂದೇ ಸಾಲಲ್ಲಿ ಸೀದಾ ಹೇಳು, ಉಳಿದ ಕಡೆ ನಿಜವಾಗಿ ನಡೆದದ್ದನ್ನು ಹಾಕು. ಕೊನೆಗೆ ಹೀಗಾಯಿತು:

“ಎಲ್ರಿಗೂ ಹಾಯ್. ಈ ಶನಿವಾರ ನಾನು, ಅಪ್ಪ ಜರ್ಮನಿಗೆ ಹೊರಡ್ತಿದೀವಿ. ಅಮ್ಮ ಅಲ್ಲೇ ಇದಾರೆ, ಇನ್ಮೇಲೆ ನಾನೂ ಅಲ್ಲೇ ಓದೋದು. ಪ್ರತಿಭಾ ಕಾರಂಜಿ ದಿನ ಮೈಕ್ ಕೈಕೊಟ್ಟಾಗ ನೀವೆಲ್ಲ ಕೆಳಗಿಂದಲೇ ನನ್ನ ಜೊತೆ ಹಾಡಿದ್ರಲ್ಲ, ಅದು ಯಾವಾಗ್ಲೂ ನೆನಪಿರುತ್ತೆ. ಹಿಂದಿನ ಬೆಂಚಿನ ಚಿತ್ರಾನ್ನನೂ! ಹೋಗೋದಕ್ಕೆ ನಂಗೆ ತುಂಬಾ ಬೇಜಾರಿದೆ. ಶುಕ್ರವಾರ ಸ್ಕೂಲಿಗೆ ಬರ್ತೀನಿ, ಸಿಗೋಣ. ಗ್ರೂಪಲ್ಲಿ ಇರ್ತೀನಿ. ನಿಮಗೆ ರಾತ್ರಿ 9 ಆದಾಗ ನಂಗೆ ಸಂಜೆ 5.30, ಆಗ ಮೆಸೇಜ್ ಮಾಡಿ.”

ಕಳಿಸುವ ಕ್ರಮವನ್ನೂ ಮಾತಾಡಿಕೊಂಡೆವು. ಮೊದಲು ಮೇಘನಾ, ಆಮೇಲೆ ಗ್ರೂಪು. ಹೊರಡುವ ಸುದ್ದಿ ಅವಳಿಗೆ ಗ್ರೂಪಿನಿಂದ ತಿಳಿಯಬಾರದು. ಅವಳಿಗೆ ಬರೆದದ್ದು ಚಿಕ್ಕದು: “ನೀನು ನಂಬಿ ಹೇಳಿದ್ದನ್ನ ನಾನು ಬೇರೆಯವರಿಗೆ ಹೇಳಿದ್ದು ತಪ್ಪು. ಸಾರಿ. ಶನಿವಾರ ಜರ್ಮನಿಗೆ ಹೋಗ್ತಿದೀನಿ. ನೀನು ಉತ್ತರ ಕೊಡ್ಲೇಬೇಕು ಅಂತಿಲ್ಲ.” ‘ಯಾರಿಗಾದ್ರೂ ನೋವಾಗಿದ್ರೆ’ ಅನ್ನುವ ಮಾತನ್ನು ಅವಳೇ ತೆಗೆದಳು. ಏನು ಮಾಡಿದೆ ಅಂತ ಹೇಳದ ಕ್ಷಮೆ ಯಾರಿಗೂ ತಲುಪುವುದಿಲ್ಲ. ಗ್ರೂಪಿಗೆ ಬುಧವಾರ ಸಂಜೆ ಹಾಕುವುದು ಅಂತಾಯಿತು, ಮಧ್ಯರಾತ್ರಿ ಬೇಡ. ಎರಡು ದಿನ ಸ್ಕೂಲು ಇರುವುದರಿಂದ ಮುಖ ನೋಡಿ ಮಾತಾಡಲು ಅವಕಾಶ ಇರುತ್ತದೆ. ವಿಮಾನ ಹತ್ತುವಾಗ ಕಳಿಸಿದರೆ ಉತ್ತರಗಳನ್ನು ಒಬ್ಬಳೇ ಓದಿಕೊಳ್ಳಬೇಕು. ಹಾಕಿದ ಮೇಲೆ ಫೋನನ್ನು ಹಾಲ್‌ನಲ್ಲಿಟ್ಟು ಊಟ ಮಾಡಬೇಕು ಅಂತಲೂ ಒಪ್ಪಂದ.

ಗ್ರೂಪಿನಿಂದ ಈಗಲೇ ಹೊರಬರಬೇಡ ಅಂದೆ. ಕೆಲವು ತಿಂಗಳು ಮ್ಯೂಟ್ ಮಾಡಿ ಇರಬಹುದು. ಬೇಡ ಅನ್ನಿಸಿದಾಗ ಬಿಟ್ಟರೆ ಈಗ ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಹೋಗುತ್ತದೆ.

ಅಪ್ಪನಿಗೆ ಹೇಳಿದ್ದು ಎರಡು. ಮಗಳ ಇಲ್ಲಿನ ಸಿಮ್ ರೀಚಾರ್ಜ್ ಇಲ್ಲದೆ ಬಿದ್ದಿದ್ದರೆ ನಂಬರ್ ಬೇರೆಯವರಿಗೆ ಹೋಗಬಹುದು. ಹಾಗಾಗಿ ಅಲ್ಲಿನ ನಂಬರ್ ಬಂದ ಕೂಡಲೇ ವಾಟ್ಸಾಪಿನಲ್ಲಿ ನಂಬರ್ ಬದಲಿಸಿಕೊಡಿ, ಗ್ರೂಪುಗಳು ಹಾಗೇ ಉಳಿಯುತ್ತವೆ. ಇನ್ನೊಂದು, ಅಲ್ಲಿ ಹೋದ ಮೇಲೂ ನಿದ್ದೆ, ಊಟ ಕೆಟ್ಟು ವಾರಗಟ್ಟಲೆ ಮಂಕಾಗಿದ್ದರೆ ಸ್ಕೂಲಿನಲ್ಲಿ ಹೇಳಿ, ಡಾಕ್ಟರಿಗೆ ತೋರಿಸಿ. ಇಲ್ಲಿರುವಾಗ ಇಂಥ ಮೆಸೇಜ್ ಕಂಡು ದಿಗಿಲಾದವರು 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ.

ಹೊರಡುವ ಹಿಂದಿನ ದಿನ ಸಹನಾ ಫೋನ್ ಮಾಡಿದ್ದಳು. ಗ್ರೂಪಿನಲ್ಲಿ ಎಲ್ಲರೂ ಜಾಸ್ತಿ ಮಾತಾಡಿದ್ದು ಚಿತ್ರಾನ್ನದ ಬಗ್ಗೆ. ಮೇಘನಾ ಒಂದು ದಿನ ಬಿಟ್ಟು ‘ಸರಿ’ ಅಂತ ಬರೆದಿದ್ದಳು, ಅಷ್ಟೇ. ಸ್ಕೂಲಿನಲ್ಲಿ ಎದುರಿಗೆ ಸಿಕ್ಕರೂ ಹೆಚ್ಚೇನೂ ಮಾತಾಡಲಿಲ್ಲವಂತೆ. ಇನ್ನೊಂದು ಮೆಸೇಜ್ ಹಾಕಲಾ ಮಿಸ್ ಅಂತ ಕೇಳಿದಳು. ಈಗ ಬೇಡ ಅಂದೆ. ಅವಳ ಹುಟ್ಟುಹಬ್ಬ ಅಕ್ಟೋಬರ್‌ನಲ್ಲಿದೆ, ಆಗ ಒಂದು ವಿಶ್ ಮಾಡು ಸಾಕು.