ಬೆಂಕಿ ವಿಮೆ, ಬಂಪರ್ ಲಾಟರಿ

ಪ್ರಶ್ನೆ: ಅಂಗಡಿಗೆ ಬೆಂಕಿ ವಿಮೆ ಮಾಡಿಸಿರುವ ನಮ್ಮ ಮಾವ ಕಾಸರಗೋಡಿಗೆ ಹೋದಾಗಲೆಲ್ಲ ಕೇರಳ ಲಾಟರಿ ಟಿಕೆಟ್ ತರ್ತಾರೆ. ಅಪಾಯಕ್ಕೆ ಹೆದರೋ ಮನುಷ್ಯ ಜೂಜಾಡೋದು ಯಾಕೆ?

ವಿಮೆಯ ಲೆಕ್ಕ ಸುಲಭ, ಅದನ್ನೇ ಮೊದಲು ನೋಡೋಣ. ನಿಮ್ಮ ಮಾವನ ಆಸ್ತಿಯೆಲ್ಲ ಸೇರಿ 16 ಲಕ್ಷ ಅಂದುಕೊಳ್ಳಿ. ಬೆಂಕಿ ಬಿದ್ದರೆ 15 ಲಕ್ಷ ಹೋಗಿ 1 ಲಕ್ಷ ಉಳಿಯುತ್ತದೆ. ವರ್ಷದಲ್ಲಿ ಹಾಗಾಗುವ ಸಂಭವ ನೂರಕ್ಕೆ ಒಂದು. ಅಂದರೆ ಸರಾಸರಿ ನಷ್ಟ 15,000 ರೂಪಾಯಿ. ವಿಮೆ ಕಂಪನಿ ತನ್ನ ಖರ್ಚು, ಲಾಭ ಸೇರಿಸಿ 20,000 ಕೇಳುತ್ತದೆ. ಬರೀ ಸರಾಸರಿ ನೋಡುವವನಿಗೆ ಇದು 5,000 ದಂಡ.

ಆದರೆ ಪ್ರತಿ ರೂಪಾಯಿಯ ತೂಕ ಒಂದೇ ಅಲ್ಲ ಅಂತ ಗಣಿತಜ್ಞ ಡೇನಿಯಲ್ ಬರ್ನೌಲಿ 1738ರಲ್ಲೇ ಬರೆದಿದ್ದ. ಕೈಯಲ್ಲಿ ಒಂದೇ ಲಕ್ಷ ಇದ್ದಾಗ ಬರುವ ಇನ್ನೊಂದು ಲಕ್ಷ ದೊಡ್ಡದು. ಹದಿನೈದು ಇದ್ದಾಗ ಅಷ್ಟೇನಿಲ್ಲ, ಅಲ್ವಾ? ಹಣದ ಈ ತೂಕವನ್ನು, ಅಂದರೆ ಉಪಯುಕ್ತತೆಯನ್ನು, ಇಲ್ಲಿ ವರ್ಗಮೂಲದಿಂದ ಅಳೆಯುತ್ತೇನೆ (ಬರ್ನೌಲಿ ಬಳಸಿದ್ದು ಲಾಗರಿದಮ್, ಲೆಕ್ಕ ಸಲೀಸಾಗಲಿ ಅಂತ ಬದಲಿಸಿದೆ). 16 ಲಕ್ಷಕ್ಕೆ 4 ಅಂಕ, 1 ಲಕ್ಷಕ್ಕೆ 1 ಅಂಕ. ವಿಮೆ ಇಲ್ಲದಿದ್ದರೆ ನಿರೀಕ್ಷಿತ ಉಪಯುಕ್ತತೆ ಹೀಗೆ:

0.99 × 4 + 0.01 × 1 = 3.97

3.97ರ ವರ್ಗ 15.761. ಅಂದರೆ ಈ ಅಪಾಯ ಹೊತ್ತ 16 ಲಕ್ಷ, ಖಾತ್ರಿಯಾದ 15.761 ಲಕ್ಷಕ್ಕೆ ಸಮ. ಹಾಗಾಗಿ ಸುಮಾರು 23,900 ರೂಪಾಯಿವರೆಗೆ ಪ್ರೀಮಿಯಂ ಕಟ್ಟಿದರೂ ಮಾವನಿಗೆ ಲಾಭವೇ. ಕಂಪನಿಗೂ 20,000ದಲ್ಲಿ ಗಿಟ್ಟುತ್ತದೆ.

ಇದೇ ಅಳತೆಯಲ್ಲಿ ಲಾಟರಿ ಟಿಕೆಟ್ ಕೊಳ್ಳಲೇಬಾರದು. ಸರಾಸರಿ ವಾಪಸ್ ಬರುವುದೇ ಟಿಕೆಟ್ ಬೆಲೆಗಿಂತ ಕಡಿಮೆ. ಮೇಲಾಗಿ ಗೆದ್ದ ಕೋಟಿಯ ಒಂದೊಂದು ರೂಪಾಯಿಗೆ ಸಿಗುವ ಅಂಕವೂ ಕಡಿಮೆ. 1948ರಲ್ಲಿ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಮತ್ತು ಸಂಖ್ಯಾಶಾಸ್ತ್ರಜ್ಞ ಲಿಯೊನಾರ್ಡ್ ಸ್ಯಾವೇಜ್ ಇದಕ್ಕೊಂದು ದಾರಿ ಹುಡುಕಿದರು. ಆಸ್ತಿ ಏರಿದಂತೆ ಉಪಯುಕ್ತತೆಯ ರೇಖೆ ಮೊದಲು ಚಪ್ಪಟೆಯಾಗುತ್ತಾ ಹೋಗಿ, ನಡುವೆ ಮತ್ತೆ ಕಡಿದಾಗುತ್ತದೆ ಅಂದರು. ಸಣ್ಣ ಅಂಗಡಿಯವನು ಒಂದೇ ಸಲಕ್ಕೆ ದೊಡ್ಡ ಕುಳವಾಗುವ ಜಿಗಿತಕ್ಕೆ ಅಷ್ಟು ಬೆಲೆ ಅಂತ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಹಾಗಿದ್ದರೆ ಆ ನಡುಭಾಗದಲ್ಲಿರುವವರು ಆಸ್ತಿಯ ದೊಡ್ಡ ಪಾಲನ್ನೇ ನಾಣ್ಯ ಚಿಮ್ಮಿ ಪಣಕ್ಕಿಡಬೇಕಿತ್ತು. ಅರ್ಥಶಾಸ್ತ್ರಜ್ಞ ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ಎತ್ತಿದ್ದೂ ಇಂಥದೇ ಆಕ್ಷೇಪ. ನಿಮ್ಮ ಮಾವ ಟಿಕೆಟ್ ತರುತ್ತಾರೆ, ಅಂಗಡಿಯನ್ನಂತೂ ಪಣಕ್ಕಿಡಲ್ಲ.

1979ರಲ್ಲಿ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮೊಸ್ ಟ್ವೆರ್ಸ್ಕಿ ಹೇಳಿದ್ದು ಹೆಚ್ಚು ಹೊಂದುತ್ತದೆ. ತೀರಾ ಸಣ್ಣ ಸಂಭವಕ್ಕೆ ಮನಸ್ಸು ಅದರ ಯೋಗ್ಯತೆಗಿಂತ ಜಾಸ್ತಿ ತೂಕ ಕೊಡುತ್ತದೆ. ಬೆಂಕಿಗೂ ಹಾಗೆ, ಬಂಪರ್ ಬಹುಮಾನಕ್ಕೂ ಹಾಗೆ. ಡ್ರಾ ಆಗುವವರೆಗೆ ಸುಮ್ನೆ ಕನಸು ಕಾಣುವ ಖುಷಿಯೂ ಟಿಕೆಟ್ಟಿನ ಜೊತೆ ಬರುತ್ತದೆ ಅನ್ನಿ.

ಬಾಗಿದ ರೇಖೆಯೊಂದೇ ಸಾಲದು ಅನ್ನುವುದು ವಿಮೆಯಲ್ಲೂ ಕಾಣುತ್ತದೆ. ಮೊಬೈಲ್ ಸ್ಕ್ರೀನ್ ಒಡೆದರೆ 5,000 ಖರ್ಚು, ಒಡೆಯುವ ಸಂಭವ ನೂರಕ್ಕೆ ಹತ್ತು ಅಂದುಕೊಳ್ಳಿ. ಸರಾಸರಿ 500. ಮೇಲಿನ ಅಳತೆಯಲ್ಲಿ 16 ಲಕ್ಷದ ಆಸಾಮಿ ಆ 500ರ ಮೇಲೆ ಹೆಚ್ಚಿಗೆ ಕೊಡಬಹುದಾದದ್ದು ಬರೀ 35 ಪೈಸೆ! ಇಷ್ಟು ಸಣ್ಣ ನಷ್ಟದ ಮಟ್ಟದಲ್ಲಿ ರೇಖೆ ಹೆಚ್ಚುಕಮ್ಮಿ ನೇರವಾಗಿರುತ್ತದೆ. ಆದರೂ ಇಂಥದ್ದಕ್ಕೆ ಸಾವಿರ ಕೊಟ್ಟು ವಿಮೆ ಮಾಡಿಸುವವರಿದ್ದಾರೆ.