ಬೆಕ್ಕು ಸಾಕೋ ಖರ್ಚು: ತಿಂಗಳಿಗೆ ಎಷ್ಟು, ವರ್ಷಕ್ಕೆ ಎಷ್ಟು?

"ಬೆಂಗಳೂರಲ್ಲಿ ಪಿಜಿ ಬಿಟ್ಟು ಸಣ್ಣ ಮನೆ ಮಾಡಿದೀನಿ. ಸಂಬಳ 28 ಸಾವಿರ. ಒಂದು ಬೆಕ್ಕಿನ ಮರಿ ಸಾಕೋಣ ಅಂತಿದೀನಿ, ಖರ್ಚು ಎಷ್ಟಾಗಬಹುದು?"

ತಿಂಗಳ ಖರ್ಚು ನಿಮಗೆ ಭಾರ ಆಗಲಿಕ್ಕಿಲ್ಲ. ಕೈ ಕಚ್ಚುವುದು ಆಗೊಮ್ಮೆ ಈಗೊಮ್ಮೆ ಬರುವ ದೊಡ್ಡ ಖರ್ಚು. ನಮ್ಮದು ನಾಲ್ಕು ಕೆಜಿ ತೂಗುವ ಗಂಡು ನಾಟಿ ಬೆಕ್ಕು, ಮನೆಯೊಳಗೇ ಇರುತ್ತದೆ. ಅದರ ಲೆಕ್ಕ ಹೇಳುತ್ತೇನೆ.

ದಿನಕ್ಕೆ ಸುಮಾರು 60 ಗ್ರಾಂ ಒಣ ಆಹಾರ, ತಿಂಗಳಿಗೆ ಹೆಚ್ಚು ಕಡಿಮೆ 1.8 ಕೆಜಿ. ಮಧ್ಯಮ ದರದ್ದು ತಂದರೆ 800 ರೂಪಾಯಿ. ಮೊಸರನ್ನ ಹಾಕಿ ಸಾಕಬಹುದಲ್ವಾ ಅಂತ ಊರಲ್ಲಿ ಕೇಳುತ್ತಾರೆ. ಹೊರಗೆ ಇಲಿ ಹಿಡಿದು ತಿನ್ನುವ ಬೆಕ್ಕಿಗೆ ಅದು ನಡೆಯುತ್ತದೆ. ಮನೆಯೊಳಗಿನದಕ್ಕೆ ನಡೆಯುವುದಿಲ್ಲ. ಬೆಕ್ಕಿಗೆ ಟಾರಿನ್ ಅನ್ನುವ ಪೋಷಕಾಂಶ ಬೇಕೇ ಬೇಕು, ಅದು ಮಾಂಸದಿಂದ ಬರುತ್ತದೆ. ಕಡಿಮೆಯಾದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಬೆಕ್ಕು ಮಲಮೂತ್ರ ಮಾಡುವ ಟ್ರೇಗೆ ಹಾಕುವ ಲಿಟರ್ ಮಣ್ಣು ತಿಂಗಳಿಗೆ 10 ಕೆಜಿ, 600 ರೂಪಾಯಿ. ಅಲ್ಲಿಗೆ 1,400 ಆಯಿತು.

ಇನ್ನು ವರ್ಷದ್ದು. ಲಸಿಕೆ, ರೇಬಿಸ್ ಚುಚ್ಚುಮದ್ದು, ಡಾಕ್ಟರ್ ಫೀಸ್ ಸೇರಿ 2,000. ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧಿ, 400. ಜನ ಮರೆಯುವುದು ಇದನ್ನು: ಹಬ್ಬಕ್ಕೆ ಊರಿಗೆ ಹೋದಾಗ ಬೆಕ್ಕನ್ನು ಎಲ್ಲಿ ಬಿಡುತ್ತೀರಿ? ದಿನಕ್ಕೆ 500ರಂತೆ ವರ್ಷಕ್ಕೆ ಹತ್ತು ದಿನ ಬೋರ್ಡಿಂಗ್‌ಗೆ ಬಿಟ್ಟರೆ 5,000. ನೋಡಿಕೊಳ್ಳುವ ಗೆಳೆಯರಿದ್ದರೆ ಇಷ್ಟೂ ಉಳಿಯುತ್ತದೆ. ಒಟ್ಟು 7,400 ಅಂದರೆ ತಿಂಗಳಿಗೆ 620ರಷ್ಟು ಎತ್ತಿಡಬೇಕು.

ಇದರ ಮೇಲೆ ತಿಂಗಳಿಗೆ 700 ಆಸ್ಪತ್ರೆಗೆ ಅಂತಲೇ ಇಡಿ. ಗಂಡು ಬೆಕ್ಕಿಗೆ ಮೂತ್ರ ಕಟ್ಟುವ ತೊಂದರೆ ಜಾಸ್ತಿ, ಮೂತ್ರನಾಳ ಸಣ್ಣದಿರುತ್ತದೆ. ಪದೇ ಪದೇ ಲಿಟರ್ ಟ್ರೇಗೆ ಹೋಗಿ ಕೂರುತ್ತದೆ, ತಿಣುಕುತ್ತದೆ, ಕೂಗುತ್ತದೆ, ಮಣ್ಣು ಮಾತ್ರ ಒಣಗಿಯೇ ಇರುತ್ತದೆ. ಮಲಬದ್ಧತೆ ಇರಬೇಕು ಅಂತ ನಾಳೆಗೆ ಬಿಡಬೇಡಿ. ಒಂದೆರಡು ದಿನದಲ್ಲಿ ಜೀವವೇ ಹೋಗಬಹುದು. ನಳಿಕೆ ಹಾಕಿ ಎರಡು ಮೂರು ದಿನ ಇಟ್ಟುಕೊಂಡರೆ 10ರಿಂದ 20 ಸಾವಿರ ಬೇಕಾಗಬಹುದು. ನೀರು ಹೆಚ್ಚು ಕುಡಿಸಿ, ವಾರಕ್ಕೆರಡು ಸಲ ಪ್ಯಾಕೆಟ್‌ನಲ್ಲಿ ಬರುವ ಒದ್ದೆ ಆಹಾರ ಕೊಡಿ. ಆ ಖರ್ಚು ತಿಂಗಳಿಗೆ 300 ದಾಟುವುದಿಲ್ಲ.

ಎಲ್ಲ ಸೇರಿ ತಿಂಗಳಿಗೆ ಸುಮಾರು 3,000, ವರ್ಷಕ್ಕೆ 36,000. ಮೊದಲ ವರ್ಷ ಇನ್ನೂ ಹತ್ತು ಸಾವಿರ ಜಾಸ್ತಿ: ಸಂತಾನಹರಣ ಆಪರೇಷನ್, ಮರಿಗೆ ಎರಡನೇ ಡೋಸ್ ಲಸಿಕೆ, ಟ್ರೇ, ಬುಟ್ಟಿ, ಕಿಟಕಿಗೆ ಬಲೆ. ಆಪರೇಷನ್ ಅನ್ನು ಪ್ರಾಣಿದಯಾ ಸಂಸ್ಥೆಗಳಲ್ಲಿ ಕಡಿಮೆಗೆ ಮಾಡಿಸಬಹುದು. ಬಲೆಯಲ್ಲಿ ಮಾತ್ರ ಉಳಿತಾಯ ಬೇಡ, ಮೇಲಿನ ಮಹಡಿಯಿಂದ ಬಿದ್ದ ಬೆಕ್ಕಿನ ಕಾಲಿಗೆ ಆಪರೇಷನ್ ಮಾಡಿಸುವುದು ಬಲೆಗಿಂತ ಎಷ್ಟೋ ಪಟ್ಟು ದುಬಾರಿ. ಈ ಹತ್ತು ಸಾವಿರ ಕೈಯಲ್ಲಿ ಕೂಡಿದ ಮೇಲೆ ಮರಿ ತನ್ನಿ, ಅದಕ್ಕೂ ಮೊದಲು ಮನೆ ಓನರ್ ಒಪ್ಪುತ್ತಾರಾ ಕೇಳಿಕೊಳ್ಳಿ.